ಮನೆ ಚಟ್ನಿಪುಡಿಗೆ ವೆಬ್‌ಸೈಟ್ ಬೇಕೇ, ಪೇಜ್ ಸಾಕೇ?

1. ಆರ್ಡರ್ ಪುಸ್ತಕವನ್ನೇ ಮೊದಲು ಕೇಳಿ. ಎರಡು ತಿಂಗಳು ಪ್ರತಿ ಆರ್ಡರಿನ ಪಕ್ಕ ಒಂದು ಮಾತು ಬರೆದಿಡಿ: ಹಳೇ ಗಿರಾಕಿ, ಪರಿಚಯದವರು ಹೇಳಿದ್ದು, ಇನ್‌ಸ್ಟಾಗ್ರಾಂ, ಗೂಗಲ್. ಮುಕ್ಕಾಲು ಪಾಲು ಹಳಬರು ಮತ್ತು ಅವರ ನೆಂಟರಿಷ್ಟರೇ ಆಗಿದ್ದರೆ, ಅವರು ವೆಬ್‌ಸೈಟ್ ಹುಡುಕಿಕೊಂಡು ಬರುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲೇ ಕೇಳುತ್ತಾರೆ.

2. ಖರ್ಚನ್ನು ಪೊಟ್ಟಣದ ಲೆಕ್ಕಕ್ಕೆ ತನ್ನಿ. ಕಾಲು ಕೆಜಿ ಚಟ್ನಿಪುಡಿ ₹180ಕ್ಕೆ ಮಾರಿ, ಸಾಮಾನು, ಗ್ಯಾಸು, ಪ್ಯಾಕಿಂಗ್ ಕಳೆದು ₹50 ಉಳಿಯುತ್ತದೆ ಎನ್ನೋಣ. ಡೊಮೇನ್, ಹೋಸ್ಟಿಂಗ್ ಸೇರಿ ವರ್ಷಕ್ಕೆ ₹5,000 ಆದರೆ, ಅದನ್ನು ತೀರಿಸಲಿಕ್ಕೇ 100 ಪೊಟ್ಟಣ ಹೆಚ್ಚಿಗೆ ಮಾರಬೇಕು. ಸೈಟಿನಲ್ಲೇ ಹಣ ಕಟ್ಟಿಸಿಕೊಂಡರೆ ಪೇಮೆಂಟ್ ಗೇಟ್‌ವೇಯವರು ಸುಮಾರು ಶೇ. 2 ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತಾರೆ. ಪೊಟ್ಟಣಕ್ಕೆ ನಾಲ್ಕು ರೂಪಾಯಿ ಚಿಲ್ಲರೆ ಹೋಯಿತು. ಆಗ 100 ಅಲ್ಲ, 110ರ ಹತ್ತಿರ. ತಿಂಗಳಿಗೆ ಒಂಬತ್ತು ಹೊಸ ಪೊಟ್ಟಣ ಎಲ್ಲಿಂದ ಬರುತ್ತವೆ ಎಂದು ಹೇಳಲಾಗದಿದ್ದರೆ ಈ ವರ್ಷ ವೆಬ್‌ಸೈಟ್ ಬೇಡ.

3. ಪುಕ್ಕಟೆ ಸಿಗುವುದನ್ನು ಪೂರ್ತಿ ಬಳಸಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ನಲ್ಲಿ ಫೋಟೊ, ತೂಕ, ಬೆಲೆ ಹಾಕಿ. ‘ಬೆಲೆಗೆ ಮೆಸೇಜ್ ಮಾಡಿ’ ಎಂದರೆ ಅರ್ಧ ಜನ ಅಲ್ಲೇ ಬಿಟ್ಟುಹೋಗುತ್ತಾರೆ, ಇದನ್ನು ಒತ್ತಿ ಹೇಳುತ್ತೇನೆ. ಊರೊಳಗೆ ನೀವೇ ತಲುಪಿಸುವುದಾದರೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಕೂಡ ಮಾಡಿ. ಮನೆ ವಿಳಾಸ ತೋರಿಸದೆ, ಯಾವ ಬಡಾವಣೆಗಳಿಗೆ ಕೊಡುತ್ತೀರಿ ಎಂದಷ್ಟೇ ಹಾಕಬಹುದು.

4. ವೆಬ್‌ಸೈಟ್ ಬೇಕಾಗುವ ಕಾಲವೂ ಬರುತ್ತದೆ. ನಿಮ್ಮ ಪರಿಚಯವೇ ಇಲ್ಲದ ಊರುಗಳಿಂದ ಆರ್ಡರ್ ಬರತೊಡಗುತ್ತದೆ. ‘ಎಷ್ಟು ದಿನ ಇಡಬಹುದು, ಬೆಳ್ಳುಳ್ಳಿ ಹಾಕಿದ್ದೀರಾ, ಕೊರಿಯರ್ ಎಷ್ಟು’ ಎಂಬುದಕ್ಕೆ ದಿನಾ ಉತ್ತರಿಸುವುದರಲ್ಲೇ ಹುರಿಯುವ ಹೊತ್ತು ಕಳೆಯುತ್ತದೆ. ಅಂಗಡಿಯವರು ದರಪಟ್ಟಿ, ಎಫ್‌ಎಸ್‌ಎಸ್‌ಎಐ ಸಂಖ್ಯೆ ಕೇಳುತ್ತಾರೆ. ಇವೆಲ್ಲ ಒಂದೇ ಪುಟದಲ್ಲಿದ್ದರೆ ಸಾಕು, ಕಾರ್ಟ್ ಬೇಕಿಲ್ಲ. ಒಂದು ಎಚ್ಚರಿಕೆ: ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ, ವಹಿವಾಟು ಎಷ್ಟೇ ಸಣ್ಣದಿರಲಿ, ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ‘ದೇಶದೆಲ್ಲೆಡೆ ಕಳಿಸುತ್ತೇವೆ’ ಎಂದು ಬರೆಯುವ ಮೊದಲೇ ಲೆಕ್ಕಿಗರನ್ನು ಕೇಳಿ.

5. ಪೇಜ್ ಸಾಕು ಎಂದುಕೊಂಡರೂ ಡೊಮೇನ್ ಮಾತ್ರ ಕೊಂಡಿಡಿ. ಇನ್‌ಸ್ಟಾಗ್ರಾಂ ಖಾತೆ ಹ್ಯಾಕ್ ಆದರೆ, ನಿಂತುಹೋದರೆ, ಫಾಲೋವರ್‌ಗಳ ಫೋನ್ ನಂಬರ್ ನಿಮ್ಮ ಬಳಿ ಇರುವುದಿಲ್ಲ. ಆದ್ದರಿಂದ ಗಿರಾಕಿಗಳ ಹೆಸರು, ನಂಬರ್ ಬೇರೆ ಪುಸ್ತಕದಲ್ಲಿರಲಿ. ಡೊಮೇನನ್ನು ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ಕೊಟ್ಟು ನೋಂದಾಯಿಸಿ. ಸೈಟ್ ಮಾಡಿಕೊಡುವ ಹುಡುಗನ ಹೆಸರಿನಲ್ಲಿ ಬೇಡ. ಸದ್ಯಕ್ಕೆ ಅದು wa.me/91 ಮುಂದೆ ನಿಮ್ಮ ನಂಬರ್ ಇರುವ ಕೊಂಡಿಗೆ ಹೋಗುವಂತೆ ಫಾರ್ವರ್ಡ್ ಮಾಡಿ, ಪೊಟ್ಟಣದ ಲೇಬಲ್ ಮೇಲೆ ಅದೇ ವಿಳಾಸ ಅಚ್ಚು ಹಾಕಿಸಿ. ಮುಂದೆ ಸೈಟ್ ಮಾಡಿಸಿದಾಗ ಲೇಬಲ್ ಬದಲಿಸಬೇಕಿಲ್ಲ.