ಏಳನೇ ದಿನದ ಅಂಕಿ: ಕಟ್ಟಡದ ಕೆಲಸದಲ್ಲಿ ನಾನು ಎಡವಿದ್ದು, ಕಲಿತದ್ದು



ನಾನು ಅಂತರಘಟ್ಟೆಯವನು. ಡಿಪ್ಲೊಮಾ ಸಿವಿಲ್ ಮುಗಿಸಿ ಹನ್ನೊಂದು ವರ್ಷದಿಂದ ಕಟ್ಟಡಗಳ ಸೈಟ್ ಎಂಜಿನಿಯರ್ ಆಗಿ ದುಡಿಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಇದೇ ಓದಿಗೆ ಸೇರುತ್ತಿದ್ದಾರೆ, ಎಷ್ಟೋ ಮನೆಯವರು ಸಾಲ ಮಾಡಿ ಮನೆ ಕಟ್ಟಿಸುತ್ತಿದ್ದಾರೆ. ಇಬ್ಬರಿಗೂ ಉಪಯೋಗವಾಗಲೆಂದು ನನ್ನ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ಮೂರು ಅಂತಸ್ತಿನ ಹಾಸ್ಟೆಲ್ ಕಟ್ಟಡ. ಜುಲೈ ತಿಂಗಳ ಒಂದು ದಿನ ನೆಲ ಅಂತಸ್ತಿನ ಹನ್ನೆರಡು ಕಂಬಗಳಿಗೆ ಕಾಂಕ್ರೀಟ್ ಹಾಕಿದೆವು. ಬೆಳಿಗ್ಗೆ ಆರು, ಮಧ್ಯಾಹ್ನ ಆರು. ನಡುವೆ ಒಂದು ಜೋರು ಮಳೆ ಬಂದು ನಿಂತಿತು. ಕಾಂಕ್ರೀಟು ಎಂ-25 ದರ್ಜೆಯದು. ಅಂದರೆ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಭಾರ ತಡೆಯಬೇಕು. ಇದನ್ನು ನೋಡಲು ಹಾಕುತ್ತಿರುವ ಕಾಂಕ್ರೀಟನ್ನೇ ತೆಗೆದು 150 ಮಿಲಿಮೀಟರ್ ಅಳತೆಯ ಕ್ಯೂಬ್‌ಗಳನ್ನು ಮಾಡಿ, ಮರುದಿನ ಅಚ್ಚಿನಿಂದ ಬಿಡಿಸಿ ನೀರಿನ ತೊಟ್ಟಿಯಲ್ಲಿಡುತ್ತೇವೆ. ಕೆಲವನ್ನು 7ನೇ ದಿನ, ಉಳಿದದ್ದನ್ನು 28ನೇ ದಿನ ಯಂತ್ರದಲ್ಲಿಟ್ಟು ಒಡೆಯುತ್ತೇವೆ. ತೀರ್ಮಾನ ಆಗುವುದು 28ನೇ ದಿನದ ಅಂಕಿಯ ಮೇಲೆ. 7ನೇ ದಿನದ್ದು ಮುನ್ಸೂಚನೆ ಮಾತ್ರ. ಸಾಮಾನ್ಯವಾಗಿ ಆ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಬಲ ಬಂದಿರುತ್ತದೆ.

7ನೇ ದಿನ ಬೆಳಗಿನ ಕ್ಯೂಬ್ 18.4 ಬಂತು. ಮಧ್ಯಾಹ್ನದ್ದು 12.6.

ನನ್ನ ತಪ್ಪು ಆದದ್ದು ಇಲ್ಲಿ. ನಾವು ಬಳಸಿದ್ದು ಹಾರುಬೂದಿ ಸೇರಿದ ಪಿಪಿಸಿ ಸಿಮೆಂಟ್. ಅದು ಆರಂಭದಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ ಎಂಬುದು ನಿಜ. "ಪಿಪಿಸಿ ಅಲ್ಲವೇ, 28 ದಿನಕ್ಕೆ ಸರಿಹೋಗುತ್ತದೆ" ಎಂದುಕೊಂಡು ರಿಜಿಸ್ಟರಿನಲ್ಲಿ ಬರೆದು ಮುಚ್ಚಿದೆ. ಆದರೆ ಬೆಳಗಿನ ಕಂಬಗಳಿಗೂ ಅದೇ ಸಿಮೆಂಟ್, ಅದೇ ಲೋಡು. ಸಿಮೆಂಟ್ ನಿಧಾನವೆಂದರೆ ಎರಡೂ ಕಡಿಮೆ ಬರಬೇಕಿತ್ತು. ನಾನು ಕೊಟ್ಟುಕೊಂಡ ಕಾರಣ ಅಂಕಿ ಕಡಿಮೆ ಇದ್ದದ್ದಕ್ಕೆ ಉತ್ತರ ಹೇಳುತ್ತಿತ್ತು, ಎರಡು ಅಂಕಿಗಳ ನಡುವಿನ ವ್ಯತ್ಯಾಸಕ್ಕೆ ಹೇಳುತ್ತಿರಲಿಲ್ಲ. ಎರಡೂ ಅಂಕಿಗಳು ರಿಜಿಸ್ಟರಿನ ಒಂದೇ ಪುಟದಲ್ಲಿದ್ದವು. ಕೆಲಸ ಮುಂದೆ ಓಡಬೇಕೆಂಬ ಆತುರದಲ್ಲಿ ನಾನು ಪಕ್ಕಪಕ್ಕ ಇಟ್ಟು ನೋಡಲಿಲ್ಲ. 19ನೇ ದಿನ ಆ ಕಂಬಗಳ ಮೇಲೆ ಸ್ಲ್ಯಾಬ್ ಹಾಕಿಸಿದೆ.

28ನೇ ದಿನ ಬೆಳಗಿನ ಕ್ಯೂಬ್ 30 ದಾಟಿತು. ಮಧ್ಯಾಹ್ನದ್ದು 18.9ಕ್ಕೆ ನಿಂತಿತು. ಎಂ-25ಕ್ಕೆ ಯಾವುದೇ ಒಂದು ಮಾದರಿ 22ಕ್ಕಿಂತ ಕೆಳಗಿರಬಾರದು.

ಆಗ ಆ ಮಧ್ಯಾಹ್ನವನ್ನು ನೆನೆಸಿಕೊಂಡೆ. ಒಂದು ಮೂಟೆ ಸಿಮೆಂಟಿಗೆ, ಅಂದರೆ 50 ಕಿಲೋಗೆ, ನಮ್ಮ ಲೆಕ್ಕದ ನೀರು 24 ಲೀಟರ್. ಜೊತೆಗೆ ಸುಮಾರು 100 ಕಿಲೋ ಎಂ-ಸ್ಯಾಂಡ್. ಮಳೆಯಲ್ಲಿ ನೆನೆದ ರಾಶಿಯಲ್ಲಿ ನೂರಕ್ಕೆ ಐದು ಪಾಲು ನೀರು ಸೇರಿತ್ತೆಂದರೆ ಮರಳಿನ ಜೊತೆಯಲ್ಲೇ 5 ಲೀಟರ್ ಒಳಗೆ ಹೋಯಿತು. ಅಷ್ಟನ್ನು ನಾವು 24ರಲ್ಲಿ ಕಡಿಮೆ ಮಾಡಬೇಕಿತ್ತು, ಮಾಡಲಿಲ್ಲ. ಅದರ ಮೇಲೆ ಮಿಕ್ಸರಿನ ಹತ್ತಿರವಿದ್ದ ಮೇಸ್ತ್ರಿ, "ಸಾರ್, ಇನ್ನೆರಡು ಮಗ್ ನೀರು ಬಿಟ್ರೆ ಸಲೀಸಾಗಿ ಇಳಿಯುತ್ತೆ" ಎಂದಿದ್ದರು. ನಾನು ತಲೆಯಾಡಿಸಿದ್ದೆ. ಅದೊಂದು 3 ಲೀಟರ್ ಇರಬಹುದು. ಒಟ್ಟು 32. ಸಿಮೆಂಟಿನ ತೂಕದ ಅರ್ಧಕ್ಕಿಂತ ಕಡಿಮೆ ಇರಬೇಕಿದ್ದ ನೀರು ಮೂರರಲ್ಲಿ ಎರಡು ಪಾಲಿನ ಹತ್ತಿರ ಹೋಗಿತ್ತು. ಸಿಮೆಂಟ್ ಬಳಸಿಕೊಳ್ಳದ ನೀರು ಮುಂದೆ ಆರಿಹೋಗಿ, ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಹೊರಗಿನಿಂದ ಆ ಆರು ಕಂಬಗಳು ಉಳಿದವುಗಳಿಗಿಂತ ನುಣುಪಾಗಿಯೇ ಕಾಣುತ್ತಿದ್ದವು.

ಫಲಿತಾಂಶ ಬಂದ ಸಂಜೆ, ಅನುಭವಸ್ಥರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸಿಮೆಂಟ್ ಜಾಸ್ತಿ ಹಾಕಿ ಬೇರೆ ಕ್ಯೂಬ್ ಮಾಡಿ ಕಳಿಸಿಬಿಡು, ತಮ್ಮಾ. ಎಲ್ಲಾ ಕಡೆ ನಡೆಯೋದೇ" ಎಂದರು. ನನಗೂ ಆಸೆ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆ ವರ್ಷ ನನ್ನ ಬಡ್ತಿ ಇತ್ತು, ತಂಗಿಯ ಮದುವೆ ಇತ್ತು. ಆದರೆ 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಹತ್ತಕ್ಕೂ ಹೆಚ್ಚು ಜನ ಸತ್ತದ್ದನ್ನು ನಮ್ಮ ಕಸುಬಿನವರು ಯಾರೂ ಮರೆತಿಲ್ಲ. ಈ ಕಂಬಗಳ ಮೇಲೆ ಮಲಗುವವರು ಮಕ್ಕಳು. ಅದೇ ರಾತ್ರಿ ಮೇಲಿನವರಿಗೆ ಎರಡೂ ಅಂಕಿ ಬರೆದು ಕಳಿಸಿದೆ. 7ನೇ ದಿನವೇ ನನಗೆ ಗೊತ್ತಾಗಬೇಕಿತ್ತು ಎಂಬುದನ್ನೂ ಬರೆದೆ.

ಮರುದಿನ ಮೊದಲು ಮಾಡಿದ ಕೆಲಸ, ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ಚದಂತೆ ನಿಲ್ಲಿಸಿದ್ದು. ಕೆಳಗಿನ ಆಸರೆ ಇರುವ ತನಕ ಕಂಬದ ಮೇಲೆ ಪೂರ್ತಿ ಭಾರ ಬೀಳುವುದಿಲ್ಲ. ಆಮೇಲೆ ಕೋರ್ ಪರೀಕ್ಷೆ. ಕಂಬಿ ಎಲ್ಲಿದೆ ಎಂದು ಯಂತ್ರದಿಂದ ಗುರುತಿಸಿ, ಅದಕ್ಕೆ ತಾಗದಂತೆ ಕಂಬದಿಂದ ದುಂಡನೆಯ ತುಂಡು ಕೊರೆದು ತೆಗೆದು ಒಡೆಯುವುದು. ಕ್ಯೂಬ್ ಮಾಡುವುದರಲ್ಲೇ ತಪ್ಪಾಗಿದ್ದರೆ ಇಲ್ಲಿ ತಿಳಿಯುತ್ತದೆ. ಐಎಸ್ 456 ಸಂಹಿತೆಯ ಪ್ರಕಾರ ಕೋರ್‌ಗಳ ಸರಾಸರಿ ದರ್ಜೆಯ ಶೇ. 85 ಇರಬೇಕು, ಯಾವುದೂ ಶೇ. 75ಕ್ಕಿಂತ ಕೆಳಗಿರಬಾರದು. ಎಂ-25ಕ್ಕೆ ಅದು 21.25 ಮತ್ತು 18.75. ನಮ್ಮ ಮೂರು ಕೋರ್‌ಗಳು 22.4, 20.1 ಮತ್ತು 18.2 ಬಂದವು. ಸರಾಸರಿ 20.2. ಎರಡು ಲೆಕ್ಕದಲ್ಲೂ ಫೇಲ್.

ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಆರೂ ಕಂಬಗಳಿಗೆ ಜಾಕೆಟಿಂಗ್ ಹೇಳಿದರು. ಹಳೆಯ ಕಂಬದ ಮೈ ಕೆತ್ತಿ ಒರಟು ಮಾಡಿ, ಪಾಯದಿಂದಲೇ ಹೊಸ ಕಂಬಿ ಎಬ್ಬಿಸಿ, ಸುತ್ತ 100 ಮಿಲಿಮೀಟರ್ ಹೊಸ ಕಾಂಕ್ರೀಟ್. ಮೇಲೆ ಸ್ಲ್ಯಾಬ್ ಇದ್ದುದರಿಂದ ತುದಿಯ ತನಕ ಕಾಂಕ್ರೀಟ್ ತುಂಬಿಸುವುದೇ ಕಷ್ಟವಾಯಿತು. ಕೆಲಸ ಒಂದೂವರೆ ತಿಂಗಳು ತಡವಾಯಿತು. 7ನೇ ದಿನವೇ ನಿಲ್ಲಿಸಿದ್ದರೆ ಆ ಕಂಬಗಳ ಮೇಲೆ ಏನೂ ಇರಲಿಲ್ಲ. ಕೋರ್ ತೆಗೆದು ನೋಡಿ, ಒಡೆದು ಮತ್ತೆ ಹಾಕಲು ಎರಡು ವಾರ ಸಾಕಿತ್ತು. ನನ್ನ ಬಡ್ತಿ ತಪ್ಪಿತು. ಕೆಲಸ ಮಾತ್ರ ಉಳಿಯಿತು.

ಈಗ ನನ್ನ ಸೈಟಿನಲ್ಲಿ ಮಳೆ ಬಂದು ನಿಂತರೆ ಮಿಕ್ಸರ್ ಶುರುವಾಗುವ ಮೊದಲು ಒಂದು ಕಿಲೋ ಮರಳನ್ನು ಬಾಣಲೆಯಲ್ಲಿ ಹುರಿದು ಮತ್ತೆ ತೂಗುತ್ತೇವೆ. 60 ಗ್ರಾಂ ಇಳಿದರೆ, ಕಣದ ಒಳಗೇ ಇಂಗಿರುವ ಸುಮಾರು 10 ಗ್ರಾಂ ಬಿಟ್ಟು, ಉಳಿದ 50ರ ಲೆಕ್ಕದಲ್ಲಿ ನೀರು ಕಡಿಮೆ ಮಾಡುತ್ತೇವೆ. ಮಿಕ್ಸರಿನ ಬಳಿ ಮಗ್ ಇಡುವುದಿಲ್ಲ, ಅಳತೆ ಗೀಟು ಹಾಕಿದ ಒಂದೇ ಬಕೆಟ್ ಇರುತ್ತದೆ. ಕಾಂಕ್ರೀಟ್ ಇಳಿಯದಿದ್ದರೆ ವೈಬ್ರೇಟರ್ ಹಿಡಿಯುವ ರೀತಿ ನೋಡುತ್ತೇವೆ, ಇಲ್ಲವೇ ಲೆಕ್ಕದ ಪ್ರಕಾರ ಅಡ್ಮಿಕ್ಸರ್ ಹಾಕುತ್ತೇವೆ. ನೀರಿಗೆ ಕೈಹಾಕುವುದಿಲ್ಲ. 7ನೇ ದಿನದ ಅಂಕಿಯನ್ನು ಅದೇ ದಿನದ ಇನ್ನೊಂದು ಮಾದರಿಯ ಪಕ್ಕದಲ್ಲೇ ಬರೆಯುತ್ತೇವೆ. ವ್ಯತ್ಯಾಸಕ್ಕೆ ಕಾರಣ ಸಿಗುವ ತನಕ ಆ ಕಂಬದ ಮೇಲೆ ಏನೂ ಏರುವುದಿಲ್ಲ.

ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ನಿಮಗೆ ಯಂತ್ರ ಬೇಕಿಲ್ಲ. ಮಳೆಗಾಲದಲ್ಲಿ ಮರಳಿನ ರಾಶಿಗೆ ಟಾರ್ಪಾಲು ಹೊದಿಸಿ. ಕಾಂಕ್ರೀಟು ಸಾರಿನಂತೆ ಹರಿಯುತ್ತಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ಮೇಸ್ತ್ರಿಗೆ ಬೇಸರವಾದೀತೆಂದು ನನ್ನಂತೆ ತಲೆಯಾಡಿಸಬೇಡಿ.