ಫೋಟೋದಿಂದ ಲಿನೋಕಟ್: ಎರಡು ಥ್ರೆಶೋಲ್ಡ್‌ಗಳ ನಡುವೆ ಉಳಿ ಓಡಿಸಿ

ಫೋಟೋಗೆ ಒಂದು ಥ್ರೆಶೋಲ್ಡ್ ಹಾಕಿ ನಿಲ್ಲಿಸಿದರೆ ಕೈಗೆ ಬರುವುದು ಮಾಸಿದ ಜೆರಾಕ್ಸ್ ಪ್ರತಿ. ಲಿನೋಕಟ್‌ನಲ್ಲಿ ಮೂರು ವಲಯ ಇರುತ್ತವೆ: ಉಳಿ ತಾಗದ ಕಡುಗಪ್ಪು, ಪೂರ್ತಿ ಕೆತ್ತಿ ತೆಗೆದ ಬಿಳಿ, ಇವೆರಡರ ನಡುವೆ ಗೆರೆಗೆರೆಯಾಗಿ ಕೆತ್ತಿದ ಜಾಗ. ಈ ಮೂರನ್ನೂ ಫೋಟೋಶಾಪ್‌ನಲ್ಲಿ ಕಟ್ಟಿ. ಉದಾಹರಣೆಗೆ ಬಿಳಿ ರುಮಾಲು ಸುತ್ತಿದ ರೈತರೊಬ್ಬರ ಮುಖದ ಫೋಟೋ ತೆಗೆದುಕೊಳ್ಳೋಣ. ಎಡಗಡೆ ಕಿಟಕಿಯ ಬೆಳಕು, ಅಳತೆ ಎ4, 300 ಪಿಪಿಐ.

1. ಥ್ರೆಶೋಲ್ಡ್‌ಗೆ ಮೊದಲೇ ಮುಖ ತಿಳಿಯಾಗಿಸಿ.
Black & White ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ. Reds ಮತ್ತು Yellows ಸ್ಲೈಡರ್‌ಗಳನ್ನು ಮೇಲಕ್ಕೆ ಎಳೆಯಿರಿ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು, ಹಳದಿಯ ಪಾಲು ಹೆಚ್ಚು. ಹಾಗಾಗಿ ಮುಖ ಮಾತ್ರ ತಿಳಿಯಾಗುತ್ತದೆ, ರುಮಾಲು ಹೆಚ್ಚು ಬದಲಾಗುವುದಿಲ್ಲ. ಈ ಕೆಲಸ ಬಿಟ್ಟರೆ ಮುಂದೆ ಇಡೀ ಕೆನ್ನೆ ಕಪ್ಪಿನಲ್ಲಿ ಮುಳುಗುತ್ತದೆ.

2. ಬ್ಲರ್ ಮಾಡಲು ಹಿಂಜರಿಯಬೇಡಿ.
ಫೋಟೋಗೆ Gaussian Blur 4 ಪಿಕ್ಸೆಲ್ ಕೊಡಿ. ವಿವರ ಹೋಗಲಿ: ಉಳಿಯಿಂದ ಯಾರೂ ಗಡ್ಡದ ಒಂದೊಂದೇ ಕೂದಲನ್ನು ಕೆತ್ತುವುದಿಲ್ಲ. ಥ್ರೆಶೋಲ್ಡ್ ಆದ ಮೇಲೆ ಕೆನ್ನೆಯ ತುಂಬ ಉಪ್ಪು ಚೆಲ್ಲಿದ ಹಾಗೆ ಚುಕ್ಕೆ ಕಂಡರೆ ಬ್ಲರ್ ಸಾಲದು. ಕಣ್ಣಿನ ಆಕಾರವೇ ಕರಗಿದರೆ ಅತಿಯಾಯಿತು.

3. ಒಂದಲ್ಲ, ಎರಡು ಥ್ರೆಶೋಲ್ಡ್ ತೆಗೆಯಿರಿ.
ಎಲ್ಲದರ ಮೇಲೆ Threshold ಲೇಯರ್ ಸೇರಿಸಿ. ಮೊದಲು ಲೆವೆಲ್ 70 ಇಡಿ. ಬಲಗೆನ್ನೆಯ ನೆರಳು, ಕಣ್ಣಿನ ಗುಳಿ, ಮೀಸೆಯ ಕೆಳಗು ಮಾತ್ರ ಕಪ್ಪಾಗಿ ಉಳಿಯಲಿ. Ctrl+Alt+Shift+E ಒತ್ತಿ ಇದರ ಪ್ರತಿ ತೆಗೆಯಿರಿ. ಆ ಪ್ರತಿಯನ್ನು ಮರೆಮಾಡಿ, ಲೆವೆಲ್ ಅನ್ನು 140ಕ್ಕೆ ಏರಿಸಿ ಇನ್ನೊಂದು ಪ್ರತಿ ತೆಗೆಯಿರಿ. ಈಗ 140ರ ಪ್ರತಿ ಕೆಳಗೆ, 70ರದ್ದು ಮೇಲೆ ಇರಲಿ. ಮೇಲಿನದಕ್ಕೆ Multiply ಮೋಡ್ ಕೊಟ್ಟು ಮತ್ತೆ ಕಾಣಿಸಿ. ಎರಡು ಪ್ರತಿಗಳ ನಡುವೆ ಒಂದು ಖಾಲಿ ಲೇಯರ್ ಇಡಿ. ನಿಮ್ಮ ಉಳಿ ಓಡುವುದು ಅಲ್ಲಿ. ಅದರಲ್ಲಿ ಎಳೆದ ಬಿಳಿ ಗೆರೆ ಮಧ್ಯಮ ಛಾಯೆಯ ಕಪ್ಪಿನ ಮೇಲೆ ಮಾತ್ರ ಕಾಣುತ್ತದೆ. ಕಡುಗಪ್ಪನ್ನು ಮೇಲಿನ ಪ್ರತಿ ಕಾಯುತ್ತದೆ.

70, 140 ಈ ಫೋಟೋದ ಅಂಕಿಗಳು. ನಿಮ್ಮ ಫೋಟೋಗೆ ಬೇರೆಯೇ ಬರುತ್ತವೆ, ಹಿಸ್ಟೋಗ್ರಾಮ್ ನೋಡಿ ನಿರ್ಧರಿಸಿ.

4. ಗೆರೆಗೆ ದಿಕ್ಕು ಕೊಡಿ.
ಚಿತ್ರ ಬರೆಯಲು ಬರುವುದಿಲ್ಲ ಎಂಬ ಅಳುಕು ಒಂದು ಅಭ್ಯಾಸ ಅಷ್ಟೆ, ಬಿಡಿ. ಇಲ್ಲಿ ಬೇಕಿರುವುದು ಗೆರೆ ಎತ್ತ ತಿರುಗಬೇಕು ಎಂಬ ತೀರ್ಮಾನ. ಕೆನ್ನೆಯ ಮೇಲೆ ಕೆನ್ನೆಯ ಉಬ್ಬನ್ನು ಬಳಸಿ ಎಳೆಯಿರಿ, ಹಣೆಯಲ್ಲಿ ಸುಕ್ಕಿನ ಜೊತೆ, ರುಮಾಲಿನಲ್ಲಿ ಸುತ್ತಿನ ಜೊತೆ. ರೆಡಿಮೇಡ್ ಟೆಕ್ಸ್ಚರ್ ಇಡೀ ಚಿತ್ರದ ಮೇಲೆ ಒಂದೇ ದಿಕ್ಕಿಗೆ ಹಾಸಿದರೆ ಮುಖ ಚಪ್ಪಟೆಯಾಗುತ್ತದೆ.

ವಿ ಆಕಾರದ ಉಳಿ ಲಿನೋದೊಳಗೆ ಮೆಲ್ಲಗೆ ಇಳಿದು ಮೆಲ್ಲಗೆ ಮೇಲೇಳುತ್ತದೆ, ಹಾಗಾಗಿ ಗೆರೆಯ ಎರಡೂ ತುದಿ ಚೂಪು. ಟ್ಯಾಬ್ಲೆಟ್ ಇಲ್ಲವೇ? ಬ್ರಷ್‌ನ ಗಾತ್ರಕ್ಕೆ Pen Pressure ಆರಿಸಿ, ಪೆನ್ ಟೂಲ್‌ನಿಂದ ಪಾತ್ ಎಳೆದು, Stroke Path ಕೊಡುವಾಗ Simulate Pressure ಟಿಕ್ ಮಾಡಿ. ಬೆಳಕಿನ ಕಡೆ ಗೆರೆಯ ದಪ್ಪ 12 ಪಿಕ್ಸೆಲ್ ಇರಲಿ, ಅಂದರೆ ಕಾಗದದ ಮೇಲೆ ಒಂದು ಮಿಲಿಮೀಟರ್. ನೆರಳಿನತ್ತ 5ಕ್ಕೆ ಇಳಿಸಿ.

ಈಗ ಕಡುಗಪ್ಪಿನ ಅಂಚನ್ನು ದೊಡ್ಡದು ಮಾಡಿ ನೋಡಿ. ಗೆರೆಗಳೆಲ್ಲ ಅಲ್ಲಿ ಮೊಂಡಾಗಿ, ಕತ್ತರಿಸಿದಂತೆ ನಿಂತಿರುತ್ತವೆ. ಕಂಪ್ಯೂಟರ್ ಕೆಲಸ ಎಂದು ಗುಟ್ಟು ಬಿಟ್ಟುಕೊಡುವ ಜಾಗ ಇದೇ. ಎಲ್ಲದರ ಮೇಲೆ ಹೊಸ ಲೇಯರ್ ಮಾಡಿ, ಕೆಲವು ಗೆರೆಗಳನ್ನು ಕಪ್ಪಿನೊಳಕ್ಕೆ ಮುಂದುವರಿಸಿ ಚೂಪಾಗಿ ಮುಗಿಸಿ.

5. ಕಪ್ಪನ್ನು ಧೈರ್ಯವಾಗಿ ಉಳಿಸಿ.
ನಂದಲಾಲ್ ಬೋಸ್ 1930ರಲ್ಲಿ ಮಾಡಿದ ದಂಡಿ ಯಾತ್ರೆಯ ಗಾಂಧಿ ಲಿನೋಕಟ್ ತೆಗೆದು ನೋಡಿ. ಕೋಲು ಹಿಡಿದು ನಡೆಯುವ ಆಕೃತಿಗೆ ಅಷ್ಟು ಬಲ ಬಂದಿರುವುದು ಸುತ್ತಲಿನ ಕಪ್ಪಿನಿಂದ. ನಮ್ಮ ರೈತನ ಹಿಂದಿರುವ ಕ್ಯಾಲೆಂಡರ್, ಗೋಡೆಯ ಮೊಳೆ ಎಲ್ಲವನ್ನೂ ಕಪ್ಪಿನಲ್ಲಿ ಮುಚ್ಚಿಬಿಡಿ. ಬಿಳಿ ರುಮಾಲು ತಾನಾಗಿ ಎದ್ದು ಬರುತ್ತದೆ.

6. ಒರಟುತನವನ್ನು ಅಳೆದು ಹಾಕಿ.
ಕೆತ್ತಿ ತೆಗೆದ ಬಿಳಿಯಲ್ಲಿ ಉಳಿ ಬಿಟ್ಟುಹೋದ ಏಣುಗಳಿಗೆ ಶಾಯಿ ತಾಗಿ ಸಣ್ಣ ಕಪ್ಪು ಗೀರುಗಳು ಮೂಡುತ್ತವೆ. ಅವನ್ನು ಆಕೃತಿಯ ಅಂಚಿನ ಬಳಿ ಮಾತ್ರ ಹಾಕಿ, ಕಣ್ಣಿನ ಹತ್ತಿರ ಬೇಡ. ಮರದ ನಾರಿನ ಟೆಕ್ಸ್ಚರ್ ವುಡ್‌ಕಟ್‌ಗೆ ಸರಿ. ಲಿನೋಗೆ ನಾರೇ ಇಲ್ಲ, ಅಲ್ಲಿ ಅದನ್ನು ಹಾಕಲೇಬೇಡಿ.

7. ಬೂದು ಅಂಚು ತೆಗೆದು ಮುಗಿಸಿ.
ಎಲ್ಲ ಸೇರಿಸಿದ ಒಂದು ಪ್ರತಿಗೆ 1.5 ಪಿಕ್ಸೆಲ್ ಬ್ಲರ್, ಮೇಲೆ 128ರ ಥ್ರೆಶೋಲ್ಡ್ ಕೊಡಿ. ಗೆರೆಗಳ ಬೂದು ಅಂಚು ಹೋಗುತ್ತದೆ, ಮೂಲೆಗಳು ಮೃದುವಾಗಿ ಎಲ್ಲ ಭಾಗವೂ ಒಂದೇ ಕೈಯ ಕೆಲಸದಂತೆ ಬೆರೆಯುತ್ತದೆ. ಇದೇ ಚಿತ್ರವನ್ನು ಲಿನೋ ಶೀಟ್ ಮೇಲೆ ಇಳಿಸಿ ನಿಜವಾಗಿಯೇ ಕೆತ್ತುವ ಆಸೆ ಇದ್ದರೆ ಅಡ್ಡಡ್ಡ ತಿರುಗಿಸಿ ಪ್ರಿಂಟ್ ತೆಗೆಯಿರಿ. ಅಚ್ಚು ಒತ್ತಿದಾಗ ಎಡಬಲ ಅದಲುಬದಲಾಗುವುದರಿಂದ, ಕಿಟಕಿಯ ಬೆಳಕು ಮತ್ತೆ ಎಡಕ್ಕೆ ಬರಲು ಲಿನೋ ಮೇಲಿನ ಚಿತ್ರ ಕನ್ನಡಿಯಲ್ಲಿ ಕಂಡಂತೆ ಇರಬೇಕು.