ಚಿತ್ರದ ಗುಣಮಟ್ಟ ಕೆಡದಂತೆ ಪಿಡಿಎಫ್ ಗಾತ್ರ ಇಳಿಸುವ ಕ್ರಮ

ಪಿಡಿಎಫ್ ಕಡತದ ಗಾತ್ರ ಇಳಿಸಬೇಕಾದಾಗ ಹೆಚ್ಚಿನವರು ಚಿತ್ರಗಳನ್ನೇ ಕುಗ್ಗಿಸಲು ಹೋಗುತ್ತಾರೆ. ಇದರಿಂದ ಮೊಹರಿನ ಅಂಚು ಮಸುಕಾಗುತ್ತದೆ, ಸ್ಕ್ಯಾನ್ ಮಾಡಿದ ಸಹಿ ಒಡೆದು ಕಾಣುತ್ತದೆ. ಆದರೆ ಹಲವು ಕಡತಗಳನ್ನು ಜೋಡಿಸಿ ಮಾಡಿದ ಪಿಡಿಎಫ್‌ನಲ್ಲಿ ಭಾರ ಕೂಡುವುದು ಬಹುಮಟ್ಟಿಗೆ ಬೇರೆ ಮೂರು ಕಾರಣಗಳಿಂದ: ಒಂದೇ ಚಿತ್ರದ ಹಲವು ಪ್ರತಿಗಳು, ಯಾವ ಪುಟಕ್ಕೂ ಬೇಡವಾದ ಅಂಶಗಳು ಮತ್ತು ಕೆಲಸ ಮುಗಿದ ಮೇಲೂ ಉಳಿದುಕೊಂಡ ಅರ್ಜಿ ನಮೂನೆಯ ಮಾಹಿತಿ. ಈ ಮೂರನ್ನೂ ಚಿತ್ರದ ಒಂದು ಚುಕ್ಕಿಯನ್ನೂ ಮುಟ್ಟದೆ ತೆಗೆಯಬಹುದಾದರೂ ಯಾವುದನ್ನು ಮೊದಲು ತೆಗೆಯಬೇಕೆಂಬ ಕ್ರಮ ತಪ್ಪಿದರೆ ಫಲ ಸಿಗುವುದಿಲ್ಲ.

ಪಿಡಿಎಫ್‌ನ ಒಳಗೆ ಪುಟ, ಚಿತ್ರ, ಅಕ್ಷರವಿನ್ಯಾಸ, ನಮೂನೆಯ ಖಾನೆ ಇವೆಲ್ಲವೂ ಸಂಖ್ಯೆ ಪಡೆದ ಬಿಡಿ ಘಟಕಗಳಾಗಿ ಇರುತ್ತವೆ. ಇವುಗಳಿಗೆ ಆಬ್ಜೆಕ್ಟ್ ಎಂದು ಹೆಸರು. ಕಡತದ ಮೂಲ ಆಬ್ಜೆಕ್ಟಿನಿಂದ ಹೊರಟು ಒಂದು ಇನ್ನೊಂದನ್ನು ಸಂಖ್ಯೆಯ ಮೂಲಕ ಸೂಚಿಸುತ್ತ ಹೋಗುತ್ತದೆ, ಹಾಗೆ ಸೂಚಿಸುತ್ತ ಹೋದಾಗ ಎಲ್ಲಿಂದಲೂ ತಲುಪಲಾಗದ ಆಬ್ಜೆಕ್ಟ್ ಮಾತ್ರ ನಿರುಪಯುಕ್ತವೆಂದು ಶುದ್ಧೀಕರಿಸುವ ತಂತ್ರಾಂಶ ತೀರ್ಮಾನಿಸುತ್ತದೆ. ಕಡತವನ್ನು ತಿದ್ದಿ ಉಳಿಸುವಾಗ ಅನೇಕ ತಂತ್ರಾಂಶಗಳು ಹಳೆಯದನ್ನು ಅಳಿಸದೆ ಹೊಸದನ್ನು ಕೊನೆಗೆ ಸೇರಿಸುವುದರಿಂದ, ಪುಟ ತೆಗೆದುಹಾಕಿದ ಮೇಲೂ ಅದರ ಚಿತ್ರ ಕಡತದಲ್ಲೇ ಇರುತ್ತದೆ.

ಉದಾಹರಣೆಗೆ, ಒಂದು ಶಾಲೆಯು 60 ಪ್ರಮಾಣಪತ್ರಗಳನ್ನು ಬೇರೆಬೇರೆಯಾಗಿ ತಯಾರಿಸಿ ಕೊನೆಗೆ ಒಂದೇ ಪಿಡಿಎಫ್ ಆಗಿ ಜೋಡಿಸಿದೆ ಎಂದಿಟ್ಟುಕೊಳ್ಳಬಹುದು. ಪ್ರತಿ ಪುಟದಲ್ಲಿ ಶಾಲೆಯ ಲಾಂಛನ 310 ಕೆಬಿ, ಕನ್ನಡ ಅಕ್ಷರವಿನ್ಯಾಸ 40 ಕೆಬಿ, ಉಳಿದದ್ದು 20 ಕೆಬಿ. ಜೊತೆಗೆ 1,800 ಕೆಬಿಯ ಹಿನ್ನೆಲೆ ಚಿತ್ರವಿದ್ದ ಸೂಚನೆಗಳ ಪುಟವೊಂದನ್ನು ಜೋಡಿಸಿದ ನಂತರ ತೆಗೆದುಹಾಕಲಾಗಿದೆ. ಕಣ್ಣಿಗೆ ಕಾಣುವುದು 60 ಪುಟ, ಕಡತ ಮಾತ್ರ 24,000 ಕೆಬಿ.

ಮೊದಲ ಹೆಜ್ಜೆ ತಪಾಸಣೆ. ಪಾಪ್ಲರ್ ಎಂಬ ಉಚಿತ ಸಲಕರಣೆಗಳ ಗುಂಪಿನಲ್ಲಿರುವ ಈ ಆದೇಶವು ಪ್ರತಿ ಪುಟದ ಚಿತ್ರಗಳನ್ನು ಪಟ್ಟಿಮಾಡುತ್ತದೆ:

```
pdfimages -list patra.pdf
```

ಪಟ್ಟಿಯಲ್ಲಿ `object` ಎಂಬ ಕಂಬಸಾಲನ್ನು ಮುಖ್ಯವಾಗಿ ಗಮನಿಸಬೇಕು. ಎಲ್ಲ ಪುಟಗಳಲ್ಲೂ ಲಾಂಛನಕ್ಕೆ ಒಂದೇ ಸಂಖ್ಯೆ ಇದ್ದರೆ ಅದು ಕಡತದಲ್ಲಿ ಒಂದೇ ಸಲ ಇದೆ, ಅಲ್ಲಿ ಉಳಿತಾಯಕ್ಕೆ ಅವಕಾಶವಿಲ್ಲ. ಅಗಲ, ಎತ್ತರ, ಗಾತ್ರ ಮೂರೂ ಒಂದೇ ಆಗಿದ್ದು ಸಂಖ್ಯೆ ಮಾತ್ರ ಬೇರೆಬೇರೆ ಇದ್ದರೆ ಅವು ನಕಲು ಪ್ರತಿಗಳೆಂದು ಬಲವಾಗಿ ಅನುಮಾನಿಸಬಹುದು. ತೆಗೆದುಹಾಕಿದ ಪುಟದ ಚಿತ್ರ ಈ ಪಟ್ಟಿಗೆ ಬರುವುದೇ ಇಲ್ಲ. ಆದ್ದರಿಂದ ಪಟ್ಟಿಯಲ್ಲಿ ಕಂಡ ಚಿತ್ರಗಳ ಗಾತ್ರವನ್ನು ಕೂಡಿಸಿ, ಅಕ್ಷರವಿನ್ಯಾಸಕ್ಕೆಂದು ಸ್ವಲ್ಪ ಬಿಟ್ಟರೂ ಕಡತದ ಗಾತ್ರ ಅದಕ್ಕಿಂತ ಬಹಳ ಹೆಚ್ಚಿದ್ದರೆ, ಕಣ್ಣಿಗೆ ಕಾಣದ ಯಾವುದೋ ವಸ್ತು ಒಳಗೆ ಕುಳಿತಿದೆಯೆಂದು ತಿಳಿಯಬೇಕು.

ಎರಡನೆಯ ಹೆಜ್ಜೆ ನಮೂನೆಯ ಮಾಹಿತಿಯನ್ನು ಬಿಡಿಸುವುದು. ಹೆಚ್ಚಿನವರು ಕೈಬಿಡುವ ಹೆಜ್ಜೆಯೂ ಇದೇ. ಭರ್ತಿ ಮಾಡುವ ನಮೂನೆಯುಳ್ಳ ಪಿಡಿಎಫ್‌ನ ಮೂಲ ಆಬ್ಜೆಕ್ಟಿನಲ್ಲಿ `/AcroForm` ಎಂಬ ನಮೂದು ಇರುತ್ತದೆ, ಅದು ಎಲ್ಲ ಖಾನೆಗಳನ್ನೂ ಸೂಚಿಸುತ್ತದೆ, ಪ್ರತಿ ಖಾನೆಯೂ ತಾನಿರುವ ಪುಟವನ್ನು `/P` ಎಂಬ ನಮೂದಿನಿಂದ ಸೂಚಿಸಬಹುದು. ಪುಟವನ್ನು ಪುಟಗಳ ಪಟ್ಟಿಯಿಂದ ತೆಗೆದರೂ ಅದರಲ್ಲಿದ್ದ ಖಾನೆ ನಮೂನೆಯ ಪಟ್ಟಿಯಲ್ಲಿ ಉಳಿದಿದ್ದರೆ, ಖಾನೆಯ ಮೂಲಕ ಪುಟವನ್ನೂ, ಪುಟದ ಮೂಲಕ ಹಿನ್ನೆಲೆ ಚಿತ್ರವನ್ನೂ ತಲುಪಲು ದಾರಿ ಇದ್ದೇ ಇರುತ್ತದೆ. ಮೇಲಿನ ಉದಾಹರಣೆಯ 1,800 ಕೆಬಿ ಹೀಗೆ ಉಳಿದಿದ್ದರೆ ಎಷ್ಟು ಸಲ ಶುದ್ಧೀಕರಿಸಿದರೂ ಹೋಗುವುದಿಲ್ಲ, ಏಕೆಂದರೆ ತಂತ್ರಾಂಶದ ದೃಷ್ಟಿಯಲ್ಲಿ ಅದು ಬಳಕೆಯಲ್ಲಿರುವ ಚಿತ್ರವೇ. ಮೊದಲು ಈ ಕೊಂಡಿ ಕತ್ತರಿಸಬೇಕು:

```
qpdf --flatten-annotations=all patra.pdf hanta1.pdf
```

ಈ ಆದೇಶವು ಖಾನೆಗಳಲ್ಲಿ ತುಂಬಿದ ಹೆಸರು, ತರಗತಿ ಮುಂತಾದವನ್ನು ಪುಟದ ಸಾಮಾನ್ಯ ಬರಹವಾಗಿ ಅಚ್ಚೊತ್ತಿ, ನಮೂನೆಯ ಪಟ್ಟಿಯನ್ನು ತೆಗೆದುಹಾಕುತ್ತದೆ. ಟಿಪ್ಪಣಿಗಳೂ ಹೀಗೆಯೇ ಪುಟದೊಳಗೆ ಬೆರೆಯುತ್ತವೆ. ಇದಾದ ಮೇಲೆ ಖಾನೆಗಳನ್ನು ತಿದ್ದಲಾಗದ ಕಾರಣ ಮೂಲ ಕಡತವನ್ನು ಬೇರೆ ಕಡೆ ಇಟ್ಟುಕೊಳ್ಳುವುದು ಅಗತ್ಯ, ಇನ್ನೂ ಭರ್ತಿಯಾಗಬೇಕಾದ ನಮೂನೆಗೆ ಈ ಹೆಜ್ಜೆ ಸಲ್ಲದು.

ಕನ್ನಡ ಬರಹಕ್ಕೆ ಇಲ್ಲಿ ವಿಶೇಷ ಎಚ್ಚರ ಬೇಕು. ಖಾನೆಯ ಮೌಲ್ಯ ಮತ್ತು ಅದು ತೆರೆಯ ಮೇಲೆ ಕಾಣುವ ರೂಪ ಇವೆರಡೂ ಪಿಡಿಎಫ್‌ನಲ್ಲಿ ಪ್ರತ್ಯೇಕವಾಗಿ ಉಳಿಯುತ್ತವೆ, ಕಾಣುವ ರೂಪ ಸಿದ್ಧವಿಲ್ಲದಿದ್ದರೆ `qpdf` ಎಚ್ಚರಿಕೆಯ ಸಂದೇಶ ನೀಡುತ್ತದೆ. ಆಗ `--generate-appearances` ಎಂಬ ಆಯ್ಕೆಯನ್ನು ಸೇರಿಸುವ ಸಲಹೆ ಸಾಮಾನ್ಯವಾಗಿ ಸಿಗುತ್ತದೆಯಾದರೂ ಅದು ಇಂಗ್ಲಿಷಿನಂಥ ಸರಳ ಅಕ್ಷರಗಳಿಗೆ ಮಾತ್ರ ಒಪ್ಪುವಂಥದ್ದು; ಒತ್ತಕ್ಷರಗಳನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ. ನಮೂನೆ ಭರ್ತಿ ಮಾಡಿದ ತಂತ್ರಾಂಶದಲ್ಲೇ ಕಡತವನ್ನು ಮತ್ತೆ ತೆರೆದು, ಹೆಸರುಗಳು ಸರಿಯಾಗಿ ಕಾಣುವುದನ್ನು ಖಚಿತಪಡಿಸಿಕೊಂಡು, ಉಳಿಸಿ, ಅನಂತರ ಈ ಆದೇಶಕ್ಕೆ ಮರಳುವುದು ಸುರಕ್ಷಿತ. ಮುಂದಿನ ಹೆಜ್ಜೆಗೆ ಹೋಗುವ ಮುನ್ನ `hanta1.pdf` ಕಡತದ ಎಲ್ಲ 60 ಹೆಸರುಗಳನ್ನೂ ಕಣ್ಣಾರೆ ನೋಡಬೇಕು.

ಮೂರನೆಯ ಹೆಜ್ಜೆಯಲ್ಲಿ ನಿರುಪಯುಕ್ತ ಆಬ್ಜೆಕ್ಟ್‌ಗಳೂ ನಕಲು ಚಿತ್ರಗಳೂ ಒಟ್ಟಿಗೆ ಹೋಗುತ್ತವೆ. ಇದಕ್ಕೆ ಮ್ಯೂಪಿಡಿಎಫ್ ತಂತ್ರಾಂಶದ ಜೊತೆ ಬರುವ `mutool` ಬೇಕು:

```
mutool clean -gggg -z hanta1.pdf hanta2.pdf
```

ಒಂದು `g` ತಲುಪಲಾಗದ ಆಬ್ಜೆಕ್ಟ್‌ಗಳನ್ನು ಬಿಸಾಡುತ್ತದೆ, ಎರಡು ಇದ್ದರೆ ಉಳಿದವುಗಳ ಸಂಖ್ಯಾಪಟ್ಟಿಯೂ ಅಡಕವಾಗುತ್ತದೆ, ಮೂರು ಇದ್ದರೆ ಸಮಾನ ಆಬ್ಜೆಕ್ಟ್‌ಗಳು ಒಂದಾಗುತ್ತವೆ. ಆದರೆ ಚಿತ್ರದ ದತ್ತಾಂಶವನ್ನೂ ಬೈಟ್ ಬೈಟಾಗಿ ಹೋಲಿಸಿ ನೋಡುವುದು ನಾಲ್ಕನೆಯ `g` ಇದ್ದಾಗ ಮಾತ್ರ. ಮೂರಕ್ಕೇ ನಿಲ್ಲಿಸಿದವರಿಗೆ ಲಾಂಛನದ ಪ್ರತಿಗಳು ಹಾಗೆಯೇ ಉಳಿದಂತೆ ಕಾಣುವುದು ಇದರಿಂದ. `-z` ಎಂಬುದು ಸಂಕುಚಿತವಾಗದೆ ಇದ್ದ ದತ್ತಾಂಶವನ್ನು ನಷ್ಟವಿಲ್ಲದ ವಿಧಾನದಲ್ಲಿ ಅಡಕಗೊಳಿಸುತ್ತದೆ, ಜೆಪೆಗ್ ಚಿತ್ರಗಳನ್ನು ಮುಟ್ಟುವುದಿಲ್ಲ.

ಲಾಂಛನದ ಹಿನ್ನೆಲೆ ಪಾರದರ್ಶಕವಾಗಿದ್ದರೆ ಅದು ಕಡತದಲ್ಲಿ ಎರಡು ಆಬ್ಜೆಕ್ಟ್ ಆಗಿರುತ್ತದೆ: ಬಣ್ಣದ ಚಿತ್ರ ಒಂದು, ಪಾರದರ್ಶಕತೆಯ ಮುಸುಕು ಇನ್ನೊಂದು. ಪ್ರತಿ ಪ್ರತಿಯೂ ತನ್ನದೇ ಮುಸುಕಿನ ಸಂಖ್ಯೆಯನ್ನು ಸೂಚಿಸುವುದರಿಂದ ಮೊದಲ ಸಲ ಮುಸುಕುಗಳು ಮಾತ್ರ ಒಂದಾಗಿ, ಚಿತ್ರಗಳು ಬೇರೆಬೇರೆಯಾಗಿಯೇ ಉಳಿಯುವ ಸಾಧ್ಯತೆ ಇದೆ. ಬಂದ ಕಡತದ ಮೇಲೆ ಇದೇ ಆದೇಶವನ್ನು ಮತ್ತೊಮ್ಮೆ ನಡೆಸಿದರೆ ಅವೂ ಒಂದಾಗಬಹುದು. `pdfimages -list` ಪಟ್ಟಿಯಲ್ಲಿ ಎಲ್ಲ ಲಾಂಛನಗಳಿಗೂ ಒಂದೇ ಸಂಖ್ಯೆ ಬಂದಾಗ ಕೆಲಸ ಮುಗಿದಂತೆ. ಒಂದೇ ಲಾಂಛನವನ್ನು ಎರಡು ತಂತ್ರಾಂಶಗಳು ಎರಡು ಬಗೆಯಲ್ಲಿ ಜೆಪೆಗ್ ಮಾಡಿದ್ದರೆ ಬೈಟ್‌ಗಳು ಹೊಂದುವುದಿಲ್ಲ, ಅವು ಕಣ್ಣಿಗೆ ಒಂದೇ ಆದರೂ ಕಡತಕ್ಕೆ ಎರಡೇ.

ಕೊನೆಯಲ್ಲಿ ಸಣ್ಣ ಆಬ್ಜೆಕ್ಟ್‌ಗಳನ್ನು ಕಂತೆಕಟ್ಟಿ ಅಡಕಗೊಳಿಸಿ, ಕಡತದ ರಚನೆಯನ್ನು ಪರೀಕ್ಷಿಸಬೇಕು:

```
qpdf --object-streams=generate hanta2.pdf antima.pdf
qpdf --check antima.pdf
```

ಚಿತ್ರಗಳು ಬದಲಾಗಿಲ್ಲವೆಂಬುದಕ್ಕೆ ಸಾಕ್ಷಿ ಬೇಕಿದ್ದರೆ `pdfimages -all` ಆದೇಶದಿಂದ ಮೊದಲಿನ ಮತ್ತು ಕೊನೆಯ ಕಡತಗಳ ಚಿತ್ರಗಳನ್ನು ಹೊರತೆಗೆದು `md5sum` ಮೌಲ್ಯಗಳನ್ನು ಹೋಲಿಸಬಹುದು. ಚಿತ್ರದ ಬೈಟ್‌ಗಳು ಬದಲಾಗದಿದ್ದರೆ ಮೌಲ್ಯವೂ ಬದಲಾಗುವುದಿಲ್ಲ. `qpdf` ತಂತ್ರಾಂಶದ `--optimize-images` ಮತ್ತು ಘೋಸ್ಟ್‌ಸ್ಕ್ರಿಪ್ಟ್‌ನ `/screen`, `/ebook` ಆಯ್ಕೆಗಳು ಚಿತ್ರಗಳನ್ನೇ ಮರುಸಂಕುಚಿಸುವುದರಿಂದ ಈ ಕೆಲಸಕ್ಕೆ ಅವು ಬೇಡ. ಡಿಜಿಟಲ್ ಸಹಿ ಇರುವ ಕಡತಕ್ಕೆ ಇಲ್ಲಿ ಹೇಳಿದ ಯಾವ ಹೆಜ್ಜೆಯೂ ಸಲ್ಲದು. ಸಹಿಯು ಕಡತದ ಬೈಟ್‌ಗಳ ಮೇಲೆಯೇ ನಿಂತಿರುವುದರಿಂದ ಮರುಬರೆದ ಕೂಡಲೆ ಅದು ಅಸಿಂಧುವಾಗುತ್ತದೆ. ಅಂಥ ಕಡತಗಳನ್ನು ಸಹಿಗೆ ಮುನ್ನವೇ ಶುದ್ಧೀಕರಿಸಬೇಕು.

ಉದಾಹರಣೆಯ ಲೆಕ್ಕದಲ್ಲಿ 18,600 ಕೆಬಿಯಷ್ಟಿದ್ದ ಲಾಂಛನಗಳು 310 ಕೆಬಿಗೆ ಇಳಿದು, ಅಡಗಿದ್ದ 1,800 ಕೆಬಿ ಪೂರ್ತಿ ಹೋಗಿ, ಕಡತ 4,000 ಕೆಬಿಯ ಆಸುಪಾಸಿಗೆ ಬರುತ್ತದೆ. ಉಳಿದದ್ದರಲ್ಲಿ 2,400 ಕೆಬಿ ಅಕ್ಷರವಿನ್ಯಾಸದ್ದು. ಪ್ರತಿ ಪ್ರಮಾಣಪತ್ರವೂ ತನ್ನ ಹೆಸರಿಗೆ ಬೇಕಾದ ಅಕ್ಷರಗಳನ್ನಷ್ಟೇ ಆರಿಸಿ ಹುದುಗಿಸಿಕೊಂಡಿರುವುದರಿಂದ ಆ 60 ತುಣುಕುಗಳು ಒಂದಕ್ಕೊಂದು ಹೊಂದುವುದಿಲ್ಲ, ಅವುಗಳನ್ನು ಒಂದಾಗಿಸಲು `mutool` ಆದೇಶಕ್ಕೆ ಆಗುವುದಿಲ್ಲ. ಈ ಭಾರವೂ ಇಳಿಯಬೇಕಾದರೆ 60 ಪ್ರಮಾಣಪತ್ರಗಳನ್ನೂ ಒಂದೇ ದಸ್ತಾವೇಜಿನಲ್ಲಿ ಸಿದ್ಧಪಡಿಸಿ ಒಂದೇ ಸಲ ಪಿಡಿಎಫ್ ಆಗಿ ಹೊರತರಬೇಕು.